ಹಳೇ ಫ್ಲ್ಯಾಟ್ ಕೊಂಡು, ರಿಪೇರಿ ಮಾಡಿ ಮಾರುವುದು: ಬಜೆಟ್, ಕಾಲಾವಧಿ, ಲಾಭದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದ ಲೆಕ್ಕವೆಲ್ಲ ಒಂದೇ ಮನೆಯ ಸುತ್ತ ಇದೆ. ಅದು ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆಯಲ್ಲಿ 1990ರ ದಶಕದ ಕೊನೆಗೆ ಕಟ್ಟಿದ ಕಟ್ಟಡದ ಎರಡನೇ ಮಹಡಿಯ ಫ್ಲ್ಯಾಟ್ ಎಂದಿಟ್ಟುಕೊಳ್ಳಿ. ಎರಡು ಬೆಡ್‌ರೂಮು, ಎರಡು ಬಾತ್‌ರೂಮು, ಸೂಪರ್ ಬಿಲ್ಟ್ ಅಪ್ 1,050 ಚದರ ಅಡಿ, ಒಳಗೆ ಓಡಾಡಲು ಸಿಗುವ ಜಾಗ ಸುಮಾರು 780 ಚದರ ಅಡಿ. ಮೊಸಾಯಿಕ್ ನೆಲ, ಗೋಡೆಯೊಳಗೆ ಜಿಐ ಎನ್ನುವ ಸತು ಲೇಪಿತ ಕಬ್ಬಿಣದ ಪೈಪು, ಪಿಂಗಾಣಿ ಫ್ಯೂಸ್ ಇರುವ ಬೋರ್ಡು, ಮಳೆಗೆ ಉಬ್ಬಿದ ಮರದ ಕಿಟಕಿ. ದರಗಳು ಲೆಕ್ಕ ಹಾಕುವ ಕ್ರಮ ತಿಳಿಯಲೆಂದು ಇಟ್ಟ ದುಂಡು ಅಂಕಿಗಳು. ನಿಮ್ಮ ಬಡಾವಣೆಯ ದರ ಹಾಕಿ ಮತ್ತೆ ಲೆಕ್ಕ ಮಾಡಿಕೊಳ್ಳಿ.

72 ಲಕ್ಷಕ್ಕೆ ಕೊಂಡು, 11 ಲಕ್ಷ ಖರ್ಚು ಮಾಡಿ, 1.02 ಕೋಟಿಗೆ ಮಾರಿದರೆ 19 ಲಕ್ಷ ಲಾಭ ಅಲ್ಲವೇ?

ಅಲ್ಲ. ಈ ಕೆಲಸಕ್ಕೆ ಇಳಿದವರು ಹೆಚ್ಚಾಗಿ ಎಡವುವುದು ಇಲ್ಲೇ. ಪೂರ್ತಿ ಲೆಕ್ಕ ಹೀಗಿದೆ:

- ಕೊಂಡ ಬೆಲೆ: 72,00,000
- ಮುದ್ರಾಂಕ ಮತ್ತು ನೋಂದಣಿ ಶುಲ್ಕ, 7.6%: 5,47,200
- ಕೊಳ್ಳುವಾಗಿನ ಬ್ರೋಕರ್ ಕಮಿಷನ್, 1%: 72,000
- ವಕೀಲರ ಶುಲ್ಕ, ಖಾತಾ ವರ್ಗಾವಣೆ: 35,000
- ರಿಪೇರಿ: 11,30,000
- 50 ಲಕ್ಷ ಸಾಲಕ್ಕೆ 9% ದರದಲ್ಲಿ 8 ತಿಂಗಳ ಬಡ್ಡಿ: 3,00,000
- ಸಾಲದ ಕಾಗದಪತ್ರದ ಖರ್ಚು: 40,000
- 8 ತಿಂಗಳ ಮೇಂಟೆನೆನ್ಸ್, ಕರೆಂಟು, ಆಸ್ತಿ ತೆರಿಗೆ: 40,000
- ಮಾರುವಾಗಿನ ಬ್ರೋಕರ್ ಕಮಿಷನ್, 1%: 1,02,000

ಒಟ್ಟು ಸುಮಾರು 94.66 ಲಕ್ಷ. ಉಳಿಯುವುದು 7.34 ಲಕ್ಷ, ಅದೂ ಆದಾಯ ತೆರಿಗೆಗೆ ಮುಂಚೆ. ನೀವು 30% ಸ್ಲ್ಯಾಬಿನಲ್ಲಿದ್ದರೆ ಸೆಸ್ ಸೇರಿ 31.2% ಹೋಗಿ ಕೈಗೆ ಬರುವುದು 5 ಲಕ್ಷದ ಆಸುಪಾಸು. ನಿಮ್ಮ ಸ್ವಂತ ಹಣ ಸುಮಾರು 43.6 ಲಕ್ಷ ಎಂಟು ತಿಂಗಳು ಅದರಲ್ಲಿ ಸಿಕ್ಕಿಕೊಂಡಿತ್ತು ಎಂಬುದನ್ನೂ ಜೊತೆಗಿಟ್ಟು ನೋಡಿ.

ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಹೊರಬರಲು ಈ ಮನೆ 94.6 ಲಕ್ಷಕ್ಕೆ ಮಾರಾಟವಾಗಬೇಕು. ಅಂದರೆ ಕೊಂಡ ಬೆಲೆಗಿಂತ 22.6 ಲಕ್ಷ ಹೆಚ್ಚು. ಅದರಲ್ಲಿ ರಿಪೇರಿಯ ಪಾಲು 11.3 ಲಕ್ಷ, ಸರಿಯಾಗಿ ಅರ್ಧ. ಇನ್ನರ್ಧ ಮನೆಯಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಅದು ಶುಲ್ಕ, ಕಮಿಷನ್, ಬಡ್ಡಿಗೆ ಹೋಗಿರುತ್ತದೆ.

7.6% ಎಲ್ಲಿಂದ ಬಂತು? 6.6% ಅಲ್ಲವೇ?

2025ರ ಆಗಸ್ಟ್ 31ಕ್ಕೆ ಮುಂಚೆ 6.6% ಇತ್ತು. ಮುದ್ರಾಂಕ ಶುಲ್ಕ 5%, ಆ ಶುಲ್ಕದ ಮೇಲೆ 10% ಸೆಸ್ ಮತ್ತು ನಗರದಲ್ಲಿ 2% ಸರ್ಚಾರ್ಜ್, ಒಟ್ಟು 5.6%. ಅದರ ಜೊತೆ ನೋಂದಣಿ ಶುಲ್ಕ 1% ಇದ್ದದ್ದು ಆ ದಿನದಿಂದ 2% ಆಗಿದೆ. ಹಳೇ ಎಕ್ಸೆಲ್ ಹಾಳೆ ಇಟ್ಟುಕೊಂಡು ಲೆಕ್ಕ ಹಾಕುವವರು ಇಲ್ಲೇ 72,000 ರೂಪಾಯಿ ತಪ್ಪುತ್ತಾರೆ. ಶುಲ್ಕ ಕಟ್ಟುವುದು ಕ್ರಯದ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ತೀರಾ ಹಾಳಾದ ಮನೆ ಅಗ್ಗಕ್ಕೆ ಸಿಕ್ಕರೂ ಶುಲ್ಕ ಅದೇ ಪ್ರಮಾಣದಲ್ಲಿ ಇಳಿಯುತ್ತದೆ ಎಂದುಕೊಳ್ಳಬೇಡಿ.

ಹಾಗಾದರೆ ಎಷ್ಟಕ್ಕೆ ಕೊಳ್ಳಬೇಕು?

ಮಾರುವ ಬೆಲೆಯಿಂದ ಹಿಂದಕ್ಕೆ ಬನ್ನಿ. ಮಾರುವ ಬೆಲೆಯಲ್ಲಿ ಬ್ರೋಕರ್‌ನ 1% ಕಳೆಯಿರಿ. ರಿಪೇರಿ ಖರ್ಚು ಕಳೆಯಿರಿ. ಬಡ್ಡಿ, ಸಾಲದ ಖರ್ಚು, ಮೇಂಟೆನೆನ್ಸ್ ಕಳೆಯಿರಿ. ನಿಮಗೆ ಬೇಕಾದ ಲಾಭವನ್ನೂ ಕಳೆಯಿರಿ. ಉಳಿದದ್ದನ್ನು 1.091ರಿಂದ ಭಾಗಿಸಿ. ಆ 0.091ರಲ್ಲಿ ಶುಲ್ಕ, ಕೊಳ್ಳುವ ಕಮಿಷನ್, ವಕೀಲರು, ಖಾತಾ ಎಲ್ಲ ಅಡಗಿವೆ.

ಮೇಲಿನ ಮನೆಗೆ ತೆರಿಗೆಗೆ ಮುಂಚೆ 10 ಲಕ್ಷ ಉಳಿಯಬೇಕು ಎಂದರೆ 100.98 ಲಕ್ಷದಲ್ಲಿ 11.3, 3.8 ಮತ್ತು 10 ಕಳೆದು 75.88 ಸಿಗುತ್ತದೆ. 1.091ರಿಂದ ಭಾಗಿಸಿದರೆ 69.5 ಲಕ್ಷ. ಮಾಲೀಕರು 72ಕ್ಕಿಂತ ಕೆಳಗೆ ಇಳಿಯದಿದ್ದರೆ ಆ ಮನೆಯಲ್ಲಿ 10 ಲಕ್ಷ ಲಾಭ ಇಲ್ಲ. ಟೈಲ್ಸ್‌ನಲ್ಲಿ ಮಿಗಿಸಿ ಆ ಎರಡೂವರೆ ಲಕ್ಷ ತರಲು ಆಗುವುದಿಲ್ಲ.

ಮಾರುವ ಬೆಲೆ ಊಹಿಸುವಾಗ ಜಾಹೀರಾತಿನ ಬೆಲೆ ನಂಬಬೇಡಿ. ಅದು ಮಾಲೀಕರು ಕೇಳುತ್ತಿರುವ ಬೆಲೆ, ಯಾರೂ ಇನ್ನೂ ಕೊಟ್ಟಿಲ್ಲ. ಅದೇ ಕಟ್ಟಡದಲ್ಲಿ ಅಥವಾ ಪಕ್ಕದ ಬೀದಿಯಲ್ಲಿ ಕಳೆದ ಒಂದು ವರ್ಷದಲ್ಲಿ ಕೈ ಬದಲಾದ ಎರಡು ಮೂರು ಫ್ಲ್ಯಾಟ್ ಎಷ್ಟಕ್ಕೆ ಹೋದವು ಎಂದು ಅಸೋಸಿಯೇಷನ್ ಕಾರ್ಯದರ್ಶಿಯನ್ನೂ ಇಬ್ಬರು ಬೇರೆ ಬೇರೆ ಬ್ರೋಕರ್‌ಗಳನ್ನೂ ಕೇಳಿ. ಮೂರೂ ಉತ್ತರದಲ್ಲಿ ಕಡಿಮೆಯದನ್ನು ಹಿಡಿದು ಲೆಕ್ಕ ಮಾಡಿ.

ಅಡ್ವಾನ್ಸ್ ಕೊಡುವ ಮುಂಚೆ ಮನೆಯಲ್ಲಿ ಏನು ನೋಡಬೇಕು?

ಮೊದಲು ಕೆಳಗಿನ ಮನೆಗೆ ಹೋಗಿ. ನೀವು ಕೊಳ್ಳುತ್ತಿರುವ ಬಾತ್‌ರೂಮಿನ ನಿಜವಾದ ಸ್ಥಿತಿ ಬರೆದಿರುವುದು ಕೆಳಗಿನವರ ಬಾತ್‌ರೂಮಿನ ಸೂರಿನಲ್ಲಿ. ಅಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ, ಬಣ್ಣ ಎದ್ದು ಸಿಪ್ಪೆಯಾಗಿದ್ದರೆ, ಕಬ್ಬಿಣದ ಸಾಲಿನ ಗುಂಟ ಕಂದು ಬಣ್ಣದ ಬಿರುಕು ಓಡಿದ್ದರೆ ನೀರು ವರ್ಷಗಳಿಂದ ಇಳಿಯುತ್ತಿದೆ. ಉಪ್ಪು ಮಾತ್ರ ಇದ್ದರೆ ಹೊಸ ವಾಟರ್‌ಪ್ರೂಫಿಂಗ್ ಸಾಕು. ಕಂದು ಬಿರುಕು ಇದ್ದು, ಬಡಿದಾಗ ಸೂರು ಡೊಳ್ಳೆಂದರೆ ಸ್ಲ್ಯಾಬಿನ ಕಬ್ಬಿಣಕ್ಕೇ ತುಕ್ಕು ಹಿಡಿದಿದೆ. ಆಗ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮುಂದುವರಿಯಬೇಡಿ.

ಮೇಲಿನ ಮನೆಯ ಬಾತ್‌ರೂಮು ನಿಮ್ಮ ಸೂರಿಗೆ ಸೋರುತ್ತಿದೆಯೇ ಎಂಬುದೂ ಅಷ್ಟೇ ಮುಖ್ಯ. ಯಾಕೆಂದರೆ ಅದನ್ನು ಸರಿಮಾಡುವುದು ನಿಮ್ಮ ಕೈಯಲ್ಲಿಲ್ಲ. ಮೇಲಿನವರು ಒಪ್ಪದಿದ್ದರೆ ನಿಮ್ಮ ಹೊಸ ಬಣ್ಣ ಮೂರು ತಿಂಗಳಲ್ಲಿ ಹಾಳು. ಇದನ್ನು ಕರಾರಿಗೆ ಮುಂಚೆಯೇ ಬಗೆಹರಿಸಿಕೊಳ್ಳಬೇಕು.

ನಂತರ ಎಲ್ಲ ನಲ್ಲಿಗಳನ್ನೂ ಒಂದೊಂದಾಗಿ ತೆರೆಯಿರಿ. ಮೊದಲ ನೀರು ತುಕ್ಕಿನ ಬಣ್ಣದಲ್ಲಿ ಬಂದರೆ, ಎರಡು ನಲ್ಲಿ ಒಟ್ಟಿಗೆ ಬಿಟ್ಟಾಗ ಧಾರೆ ಸಣ್ಣಗಾದರೆ ಜಿಐ ಪೈಪಿನ ಒಳಗೆ ಬೋರ್‌ವೆಲ್ ಗಡಸು ನೀರಿನ ಸುಣ್ಣ ಕಟ್ಟಿದೆ. ಪೂರ್ತಿ ಪೈಪು ಬದಲಿಸುವುದೇ ದಾರಿ. ಈ ವಯಸ್ಸಿನ ಕಟ್ಟಡದಲ್ಲಿ ಹೇಗೂ ಬದಲಿಸಬೇಕು ಎಂದೇ ಬಜೆಟ್ ಹಾಕಿ.

ಇನ್ನು ದುಡ್ಡು ಹಾಕಿ ಬದಲಿಸಲಾಗದ ಸಂಗತಿಗಳು. ಕಾರ್ ಪಾರ್ಕಿಂಗ್ ಕ್ರಯಪತ್ರದಲ್ಲಿ ಬರೆದಿದೆಯೇ, ಕಾವೇರಿ ನೀರಿನ ಸಂಪರ್ಕ ಇದೆಯೇ, ಈಶಾನ್ಯ ಮೂಲೆಯಲ್ಲಿ ಟಾಯ್ಲೆಟ್ ಇದೆಯೇ. ಕೊನೆಯದರಲ್ಲಿ ನಿಮಗೆ ನಂಬಿಕೆ ಇರಬೇಕಾಗಿಲ್ಲ. ಆದರೆ ಬೆಂಗಳೂರಿನಲ್ಲಿ ನಿಮ್ಮ ಮನೆ ನೋಡಲು ಬರುವವರಲ್ಲಿ ಬಹಳ ಮಂದಿಗೆ ಇರುತ್ತದೆ, ಕೊಳ್ಳುವವರ ಸಂಖ್ಯೆ ಅಷ್ಟರಮಟ್ಟಿಗೆ ಇಳಿಯುತ್ತದೆ.

ಕಾಗದಪತ್ರ ವಕೀಲರು ನೋಡುತ್ತಾರೆ. ನಾವು ಗಮನಿಸಬೇಕಾದ್ದೇನು?

ಮುಂದೆ ನಿಮ್ಮಿಂದ ಕೊಳ್ಳುವವರ ಬ್ಯಾಂಕು ಒಪ್ಪುತ್ತದೆಯೇ ಎಂಬುದು. ಸ್ವಂತ ಹಣದಲ್ಲಿ ಕೊಳ್ಳುವವರಿಗೆ ನಡೆದುಹೋಗುವ ಕೊರತೆ ಸಾಲ ಪಡೆದು ಕೊಳ್ಳುವವರಿಗೆ ನಡೆಯುವುದಿಲ್ಲ. ಮಂಜೂರಾದ ನಕ್ಷೆ, ಒಸಿ ಎನ್ನುವ ವಾಸಯೋಗ್ಯ ಪ್ರಮಾಣಪತ್ರ, ಎ ಖಾತಾ, ಇ-ಖಾತಾ, ಋಣಭಾರ ಪತ್ರ ಇವು ಮೊದಲೇ ಕೈಯಲ್ಲಿರಬೇಕು. ಬೆಂಗಳೂರಿನಲ್ಲಿ ಈಗ ಇ-ಖಾತಾ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಹಳೇ ಮಾಲೀಕರ ಹೆಸರಲ್ಲಿ ಇ-ಖಾತಾ ಇದೆಯೇ, ಅದರಲ್ಲಿರುವ ವಿಸ್ತೀರ್ಣ ಕ್ರಯಪತ್ರಕ್ಕೆ ಹೊಂದುತ್ತದೆಯೇ ನೋಡಿ. ನಿಮ್ಮ ಹೆಸರಿಗೆ ಖಾತಾ ಆಗುವುದು ತಡವಾದರೆ ರಿಪೇರಿ ಮುಗಿದ ಮನೆಯನ್ನು ಬೀಗ ಹಾಕಿಟ್ಟು ಬಡ್ಡಿ ಕಟ್ಟುತ್ತಿರಬೇಕಾಗುತ್ತದೆ. ಆದ್ದರಿಂದ ನೋಂದಣಿಯಾದ ವಾರದಲ್ಲೇ ಖಾತಾ ವರ್ಗಾವಣೆಗೆ ಅರ್ಜಿ ಹಾಕಿ, ಒಡೆಯುವ ಕೆಲಸ ಆಮೇಲೆ ಶುರುವಾದರೂ ಪರವಾಗಿಲ್ಲ.

11.3 ಲಕ್ಷ ಯಾವುದಕ್ಕೆ ಎಷ್ಟು ಹೋಗುತ್ತದೆ?

- ಎರಡು ಬಾತ್‌ರೂಮು, ತಲಾ 1.5 ಲಕ್ಷ: 3,00,000
- ಅಡುಗೆಮನೆ ಮತ್ತು ಯುಟಿಲಿಟಿ: 1,95,000
- ವೈರಿಂಗ್, ಕರೆಂಟು ಹಂಚುವ ಡಿಬಿ ಪೆಟ್ಟಿಗೆ, ಸ್ವಿಚ್ಚು: 1,25,000
- ಪುಟ್ಟಿ, ಬಣ್ಣ, ಗ್ರಿಲ್ ಪೇಂಟು: 1,20,000
- ಯುಪಿವಿಸಿ ಕಿಟಕಿ, ಮುಂಬಾಗಿಲು: 90,000
- ನೆಲದ ಟೈಲ್ಸ್, 560 ಚದರ ಅಡಿಗೆ ಕೂಲಿ ಸೇರಿ 150ರಂತೆ: 84,000
- ಒಡೆಯುವುದು, ಕಸ ಸಾಗಿಸುವುದು: 55,000
- ಲೈಟು, ಫ್ಯಾನು, ಕೊನೆಯ ಸ್ವಚ್ಛತೆ: 40,000
- ಅನಿರೀಕ್ಷಿತ ಖರ್ಚಿಗೆ ತೆಗೆದಿಟ್ಟದ್ದು: 1,21,000

ಕೊನೆಯ ಸಾಲನ್ನು ಯಾರೂ ಮುಟ್ಟಬಾರದು. ಹಳೇ ಮನೆಯಲ್ಲಿ ಒಡೆದ ಮೇಲೆಯೇ ಕಾಣುವ ಕೆಲಸ ಇದ್ದೇ ಇರುತ್ತದೆ: ಗಾರೆ ಪುಡಿಯಾಗಿ ಉದುರುವ ಗೋಡೆ, ಗೆದ್ದಲು ಹಿಡಿದ ಬಾಗಿಲ ಚೌಕಟ್ಟು, ಬಿರುಕು ಬಿಟ್ಟ ಡ್ರೈನ್ ಪೈಪು. ಈ ಹಣವನ್ನು ಮೊದಲೇ ಫಾಲ್ಸ್ ಸೀಲಿಂಗಿಗೆ ಬಳಸಿದವರು ಆಮೇಲೆ ಡ್ರೈನ್ ಪೈಪಿಗೆ ಸಾಲ ಹುಡುಕುತ್ತಾರೆ.

ಫಾಲ್ಸ್ ಸೀಲಿಂಗು ಈ ಪಟ್ಟಿಯಲ್ಲಿ ಇಲ್ಲದಿರುವುದು ಬೇಕೆಂದೇ. ಆ ಕಾಲದ ಕಟ್ಟಡಗಳಲ್ಲಿ ಸೂರಿನ ಎತ್ತರ ಹತ್ತು ಅಡಿಯ ಒಳಗೇ ಇರುತ್ತದೆ, ಇನ್ನೂ ಇಳಿಸಿದರೆ ಹಾಲ್ ಚಿಕ್ಕದಾಗಿ ಕಾಣುತ್ತದೆ. ವಾರ್ಡ್‌ರೋಬ್ ಕೂಡ ಹೊಸದಾಗಿ ಮಾಡಿಸಿಲ್ಲ. ಹಳೇ ಚೌಕಟ್ಟು ಗಟ್ಟಿಯಿದ್ದರೆ ಬಾಗಿಲಿಗೆ ಲ್ಯಾಮಿನೇಟ್ ಬದಲಿಸಿದರೆ ಸಾಕು. ವಾರ್ಡ್‌ರೋಬನ್ನು ಕೊಳ್ಳುವವರು ತಮ್ಮ ರುಚಿಗೆ ತಕ್ಕಂತೆ ಮಾಡಿಸಿಕೊಳ್ಳುತ್ತಾರೆ. ಬಾತ್‌ರೂಮು ಮತ್ತು ವೈರಿಂಗ್ ಕೆಲಸದ ಗದ್ದಲವನ್ನು ಮಾತ್ರ ಯಾರೂ ಮೈಮೇಲೆ ಎಳೆದುಕೊಳ್ಳಲು ಇಷ್ಟಪಡುವುದಿಲ್ಲ. ಅವರು ನಿಮಗೆ ಹೆಚ್ಚು ಹಣ ಕೊಡುವುದು ಆ ಗದ್ದಲ ತಪ್ಪಿತು ಎಂಬುದಕ್ಕೇ.

ಒಂದು ಬಾತ್‌ರೂಮಿಗೆ ಒಂದೂವರೆ ಲಕ್ಷ ಹೆಚ್ಚಾಗಲಿಲ್ಲವೇ? ಹಳೇ ಟೈಲ್ಸ್ ಮೇಲೆ ಹೊಸದು ಅಂಟಿಸಿದರೆ?

ಅಂಟಿಸಿದರೆ ಐವತ್ತು ಸಾವಿರ ಉಳಿಯಬಹುದು, ಆದರೆ ಕೆಳಗಿನ ಪೈಪು ಮತ್ತು ವಾಟರ್‌ಪ್ರೂಫಿಂಗ್ ಇಪ್ಪತ್ತೈದು ವರ್ಷ ಹಳೆಯದೇ ಉಳಿಯುತ್ತದೆ. ಆ ಕಾಲದ ಬಾತ್‌ರೂಮಿನ ಸ್ಲ್ಯಾಬನ್ನು ಸುತ್ತಲಿನ ನೆಲಕ್ಕಿಂತ ಒಂಬತ್ತರಿಂದ ಹನ್ನೆರಡು ಇಂಚು ಕೆಳಗೆ ಹಾಕಿ, ಒಳಗೆ ಡ್ರೈನ್ ಪೈಪು ಓಡಿಸಿ, ಮೇಲೆ ಇಟ್ಟಿಗೆ ಚೂರು ತುಂಬಿರುತ್ತಾರೆ. ಆ ಇಟ್ಟಿಗೆ ಚೂರು ವರ್ಷಗಟ್ಟಲೆ ನೀರು ಕುಡಿದು ಒದ್ದೆಯಾಗಿರುತ್ತದೆ. ಮೇಲಿನಿಂದ ಮುಚ್ಚಿದರೆ ಆ ನೀರಿಗೆ ಹೋಗಲು ಉಳಿಯುವ ದಾರಿಗಳು ಎರಡೇ: ಕೆಳಗಿನವರ ಸೂರು, ಇಲ್ಲವೇ ನಿಮ್ಮ ಬೆಡ್‌ರೂಮಿನ ಗೋಡೆ. ಹೊಸ ಬಣ್ಣದ ಮೇಲೆ ನೆಲದಿಂದ ಒಂದಡಿ ಎತ್ತರಕ್ಕೆ ತೇವದ ಪಟ್ಟಿ ಏಳುವುದು ಹೀಗೆ. ಅದೂ ಸಾಮಾನ್ಯವಾಗಿ ಕೊಳ್ಳುವವರು ಎರಡನೇ ಸಲ ನೋಡಲು ಬರುವ ಹೊತ್ತಿಗೆ.

ಏಳು ಅಡಿಗೆ ನಾಲ್ಕೂವರೆ ಅಡಿ ಅಳತೆಯ ಬಾತ್‌ರೂಮಿನಲ್ಲಿ ಒಂದೂವರೆ ಲಕ್ಷ ಹೀಗೆ ಹಂಚಿಹೋಗುತ್ತದೆ: ವಾಟರ್‌ಪ್ರೂಫಿಂಗ್ ಮತ್ತು ತುಂಬುವಿಕೆ 18,000, ಪೈಪು ಮತ್ತು ಪ್ಲಂಬರ್ ಕೂಲಿ 28,000, ಏಳಡಿ ಎತ್ತರದವರೆಗೆ ಟೈಲ್ಸ್ 26,000, ಕಮೋಡು, ಬೇಸಿನ್, ಡೈವರ್ಟರ್, ನಲ್ಲಿಗಳು 38,000, ಗೀಸರ್ 12,000, ಬಾಗಿಲು 9,000, ಎಕ್ಸಾಸ್ಟ್ ಫ್ಯಾನು ಮತ್ತು ಕನ್ನಡಿ 7,000, ಚಿಲ್ಲರೆ ಸಾಮಾನು 12,000.

ಬಾತ್‌ರೂಮ್ ಕೆಲಸ ಯಾವ ಕ್ರಮದಲ್ಲಿ ನಡೆಯಬೇಕು?

ಸ್ಲ್ಯಾಬ್ ಕಾಣುವವರೆಗೆ ಎಲ್ಲವನ್ನೂ ತೆಗೆಯಿರಿ. ಒದ್ದೆ ಇಟ್ಟಿಗೆ ಚೂರನ್ನು ಒಣಗಿಸಿ ಮತ್ತೆ ಹಾಕೋಣ ಎಂದು ಮೇಸ್ತ್ರಿ ಹೇಳಿದರೆ ಒಪ್ಪಬೇಡಿ. ಸ್ಲ್ಯಾಬನ್ನು ಉಜ್ಜಿ ತೊಳೆದು ಮೂರ್ನಾಲ್ಕು ದಿನ ಆರಲು ಬಿಡಿ. ಪೈಪುಗಳು ಸ್ಲ್ಯಾಬು ಮತ್ತು ಗೋಡೆ ತೂರಿ ಹೋಗುವ ತೂತುಗಳ ಸುತ್ತ ಕುಗ್ಗದ ಗ್ರೌಟ್ ತುಂಬಿಸಿ. ಸೋರಿಕೆ ಹೆಚ್ಚಾಗಿ ಶುರುವಾಗುವುದು ಸ್ಲ್ಯಾಬಿನ ನಡುವೆಯಲ್ಲ, ಈ ತೂತುಗಳ ಅಂಚಿನಲ್ಲಿ ಮತ್ತು ಗೋಡೆ ನೆಲ ಕೂಡುವ ಮೂಲೆಯಲ್ಲಿ. ಅದಕ್ಕೇ ಮೂಲೆಗೆ ಸುತ್ತಲೂ ಓರೆಯಾಗಿ ಗಾರೆ ಕಟ್ಟಿ, ಅದರ ಮೇಲೆ ಫೈಬರ್ ಜಾಲರಿ ಕೂರಿಸಿ, ಪಾಲಿಮರ್ ಸಿಮೆಂಟ್ ಲೇಪನ ಎರಡು ಕೋಟು ಹೊಡೆಯಬೇಕು. ಮೊದಲ ಕೋಟು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಗೋಡೆಯ ಮೇಲೂ ಒಂದಡಿ ಏರಿಸಿ, ಸ್ನಾನ ಮಾಡುವ ಕಡೆ ಆರಡಿಯವರೆಗೆ ಒಯ್ಯಿರಿ.

ಲೇಪನ ಒಣಗಿದ ಮೇಲೆ ಡ್ರೈನ್ ಬಾಯಿ ಮುಚ್ಚಿ ನಾಲ್ಕು ಇಂಚು ನೀರು ನಿಲ್ಲಿಸಿ. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. 48 ಗಂಟೆ ಬಿಡಿ. ಬೇಸಿಗೆಯಲ್ಲಿ ಸ್ವಲ್ಪ ಆವಿಯಾಗುವುದು ಸಹಜ, ಆದ್ದರಿಂದ ಪಕ್ಕದಲ್ಲೇ ಒಂದು ಬಕೆಟ್ಟಿನಲ್ಲೂ ನೀರಿಟ್ಟು ಗುರುತು ಮಾಡಿ. ಬಕೆಟ್ಟಿನಲ್ಲಿ ಇಳಿದಷ್ಟೇ ಬಾತ್‌ರೂಮಿನಲ್ಲೂ ಇಳಿದಿದ್ದರೆ ಸರಿ, ಹೆಚ್ಚು ಇಳಿದಿದ್ದರೆ ಸೋರಿಕೆ. ಕೆಳಗಿನ ಮನೆಯವರಿಗೆ ಹೇಳಿ ಎರಡು ದಿನವೂ ಅವರ ಸೂರು ನೋಡಿ, ದಿನಾಂಕ ಕಾಣುವಂತೆ ಫೋಟೊ ತೆಗೆದಿಡಿ. ಈ ಫೋಟೊ ಮುಂದೆ ಮಾರುವಾಗ ತುಂಬಾ ಕೆಲಸಕ್ಕೆ ಬರುತ್ತದೆ.

ಪೈಪಿಗೂ ಪರೀಕ್ಷೆ ಬೇಕು. ಸಿಪಿವಿಸಿ ಪ್ಲಾಸ್ಟಿಕ್ ಪೈಪಿನ ಲೈನ್ ಮುಗಿದ ಮೇಲೆ ಗೋಡೆ ಮುಚ್ಚುವ ಮುಂಚೆ ಕೈಪಂಪಿನಿಂದ 7 ಕೆಜಿ ಒತ್ತಡಕ್ಕೆ ಏರಿಸಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಮುಳ್ಳು ಇಳಿದಿದ್ದರೆ ಯಾವುದೋ ಕೀಲಿನಲ್ಲಿ ಅಂಟು ಸರಿ ಕೂತಿಲ್ಲ. ಟೈಲ್ಸ್ ಹಾಕಿದ ಮೇಲೆ ಇದೇ ಕೀಲು ಹುಡುಕಲು ಅರ್ಧ ಗೋಡೆ ಒಡೆಯಬೇಕಾಗುತ್ತದೆ. ನಂತರ ಹಗುರವಾದ ಬ್ಲಾಕ್ ಚೂರು ತುಂಬಿ, ಡ್ರೈನ್ ಕಡೆಗೆ ಇಳಿಜಾರು ಕೊಟ್ಟು, ಅದರ ಮೇಲೆ ಇನ್ನೊಂದು ಸುತ್ತು ಲೇಪನ ಹೊಡೆದು, ಆಮೇಲೆ ಟೈಲ್ಸ್. ನೆಲದ ಸಂದಿಗೆ ಎಪಾಕ್ಸಿ ಗ್ರೌಟ್.

ಕಮೋಡು ಕೊಳ್ಳುವಾಗ ಮೋಸ ಹೋಗದಂತೆ ಏನು ಅಳೆಯಬೇಕು?

ನೆಲದಲ್ಲಿರುವ ಡ್ರೈನ್ ಬಾಯಿಯ ನಡುವಿನಿಂದ ಹಿಂದಿನ ಗೋಡೆಗೆ ಇರುವ ದೂರ. ಹಳೇ ಕಟ್ಟಡಗಳಲ್ಲಿ ಕಮೋಡಿನ ನೀರು ನೆಲದೊಳಗಿನ ಡ್ರೈನ್ ಪೈಪಿಗೆ ಇಳಿಯುತ್ತದೆ, ಆದ್ದರಿಂದ ಎಸ್ ಟ್ರ್ಯಾಪ್ ಮಾದರಿಯೇ ಬೇಕು. ಅದು 9 ಇಂಚು ಅಥವಾ 12 ಇಂಚಿನ ದೂರಕ್ಕೆ ಸಿಗುತ್ತದೆ. ಅಳೆಯಬೇಕಾದದ್ದು ಹೊಸ ಟೈಲ್ಸ್ ಮುಗಿದ ಮೇಲಿನ ಗೋಡೆಯಿಂದ. ಗಾರೆ ಮತ್ತು ಟೈಲ್ಸ್ ಸೇರಿ ಒಂದಿಂಚು ಮುಂದೆ ಬಂದರೆ 9 ಇಂಚು 8 ಆಗಿ, ಮನೆಗೆ ಬಂದ ಕಮೋಡು ಕೂರುವುದಿಲ್ಲ. ಗೋಡೆಗೆ ತೂಗುವ ಕಮೋಡಿನ ಆಸೆ ಬಿಡಿ. ಅದಕ್ಕೆ ಡ್ರೈನ್ ದಾರಿಯನ್ನೇ ಬದಲಿಸಬೇಕು, ಮಾರುವ ಬೆಲೆಯಲ್ಲಿ ಆ ಹಣ ವಾಪಸ್ ಬರುವುದಿಲ್ಲ.

ವೈರಿಂಗ್ ಪೂರ್ತಿ ಬದಲಿಸಲೇಬೇಕೆ?

ಹೌದು. ಆಗಿನ ಮನೆಗಳು ಎರಡು ಮೂರು ಕಿಲೋವ್ಯಾಟ್ ಲೆಕ್ಕದಲ್ಲಿ ಕಟ್ಟಿದವು. ಈಗ ಎರಡು ಗೀಸರ್, ಒಂದು ಎಸಿ, ಮೈಕ್ರೊವೇವ್ ಬರುತ್ತವೆ. ದೀಪಕ್ಕೆ 1.5, ಪ್ಲಗ್ ಪಾಯಿಂಟಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರ್ ತಂತಿ ಎಳೆಸಿ, ಗೀಸರ್ ಎಸಿಗಳಿಗೆ ಪ್ರತ್ಯೇಕ ಎಂಸಿಬಿ ಕೊಡಿಸಿ. ಡಿಬಿಯಲ್ಲಿ ಕರೆಂಟು ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇರಲಿ. ಮಂಜೂರಾದ ಲೋಡ್ ಹೆಚ್ಚಿಸಲು ಬೆಸ್ಕಾಂ ಉಪವಿಭಾಗಕ್ಕೆ ಕೆಲಸ ಶುರುವಾದ ವಾರವೇ ಅರ್ಜಿ ಕೊಡಿ.

ಅರ್ಧ ಹಳೇ ತಂತಿ ಉಳಿಸಿಕೊಂಡು ಆರ್‌ಸಿಸಿಬಿ ಹಾಕಿದರೆ ಅದು ಒಂದು ಲೈಟ್ ಹಾಕುತ್ತಲೇ ಬೀಳುತ್ತದೆ. ಬಹಳ ಸಲ ಆರ್‌ಸಿಸಿಬಿ ಕೆಟ್ಟಿರುವುದಿಲ್ಲ. ಗೋಡೆಯೊಳಗಿನ ಯಾವುದೋ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಅರ್ಥ್‌ಗೆ ತಾಗಿರುತ್ತದೆ, ಇಲ್ಲವೇ ಬೇರೆ ಸರ್ಕಿಟ್ಟಿನ ನ್ಯೂಟ್ರಲ್ ಜೊತೆ ಸೇರಿರುತ್ತದೆ. ಆಗ ಎಲೆಕ್ಟ್ರಿಷಿಯನ್ ಆರ್‌ಸಿಸಿಬಿಯನ್ನೇ ತೆಗೆದು ನೇರ ಸಂಪರ್ಕ ಕೊಟ್ಟು ಹೋಗದಂತೆ ನೋಡಿಕೊಳ್ಳಿ.

ಕೆಲಸಕ್ಕೆ ಎಷ್ಟು ದಿನ ಬೇಕು?

ಹತ್ತು ವಾರದ ಯೋಜನೆ ಹಾಕಿ, ಹನ್ನೆರಡು ವಾರದ ಬಡ್ಡಿ ಲೆಕ್ಕ ಇಟ್ಟುಕೊಳ್ಳಿ. ಮೊದಲ ವಾರ ಒಡೆಯುವುದು. ಎರಡನೇ ವಾರ ಗೋಡೆ ಕೊರೆದು ತಂತಿಯ ಕೊಳವೆ, ಪೈಪು. ಮೂರು ನಾಲ್ಕನೇ ವಾರ ಬಾತ್‌ರೂಮಿನ ಲೇಪನ, ನೀರು ನಿಲ್ಲಿಸಿ ಪರೀಕ್ಷೆ, ತುಂಬುವುದು. ಐದು ಆರನೇ ವಾರ ಟೈಲ್ಸ್. ಏಳನೇ ವಾರ ಕಿಟಕಿ ಮತ್ತು ಪುಟ್ಟಿ. ಎಂಟರಲ್ಲಿ ಬಣ್ಣದ ಮೊದಲ ಕೋಟು, ಒಂಬತ್ತರಲ್ಲಿ ಅಡುಗೆಮನೆಯ ಕಪಾಟು ಕೂರಿಸುವುದು, ಹತ್ತರಲ್ಲಿ ಕೊನೆಯ ಕೋಟು, ಫಿಟ್ಟಿಂಗು, ಸ್ವಚ್ಛತೆ.

ಇದರಲ್ಲಿ ಜಾರುವುದು ಸಾಮಾನ್ಯವಾಗಿ ಅಡುಗೆಮನೆ. ಕಪಾಟು ಫ್ಯಾಕ್ಟರಿಯಲ್ಲಿ ತಯಾರಾಗಲು ಮೂರು ನಾಲ್ಕು ವಾರ ಹಿಡಿಯುತ್ತದೆ, ಆದರೆ ಕೊನೆಯ ಅಳತೆ ತೆಗೆಯುವುದು ಗೋಡೆಯ ಟೈಲ್ಸ್ ಆದ ಮೇಲೆ. ಹಾಗಾಗಿ ಟೈಲ್ಸ್ ಹಾಕುವವರನ್ನು ಬಾತ್‌ರೂಮಿನ ನೀರು ನಿಂತಿರುವ ದಿನಗಳಲ್ಲಿ ಅಡುಗೆಮನೆಗೆ ಕಳಿಸಿ. ಅಲ್ಲಿನ ಗೋಡೆ ಐದನೇ ವಾರದ ಮುಂಚೆಯೇ ಮುಗಿದರೆ ಅಳತೆ ಕೊಟ್ಟುಬಿಡಬಹುದು. ಕಿಟಕಿಗೂ ಹಾಗೆಯೇ, ಹಳೇ ಚೌಕಟ್ಟು ತೆಗೆದ ದಿನವೇ ಅಳತೆ ತೆಗೆಸಿ.

ಮಳೆಗಾಲದಲ್ಲಿ ಹೊರಗೋಡೆಯ ಒಳಮೈ ಬೇಗ ಒಣಗುವುದಿಲ್ಲ. ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಾಕಿ ಗೋಡೆಗೆ ಅಂಟಿಸಿ, ಮಾರನೆಯ ದಿನ ಒಳಗೆ ಹನಿ ಕಟ್ಟಿದ್ದರೆ ಪುಟ್ಟಿ ಹಚ್ಚಬೇಡಿ. ಹಚ್ಚಿದರೆ ಅದು ಹಪ್ಪಳದಂತೆ ಎದ್ದು ಬರುತ್ತದೆ.

ಮಾರಾಟಕ್ಕೆ ಎಷ್ಟು ತಿಂಗಳು ಇಟ್ಟುಕೊಳ್ಳಬೇಕು?

ಕೊಳ್ಳುವವರು ಸಿಗಲು ಎರಡೂವರೆ ಮೂರು ತಿಂಗಳು, ಅವರ ಸಾಲ ಮಂಜೂರಾಗಿ ನೋಂದಣಿಯಾಗಲು ಇನ್ನೊಂದೂವರೆ ತಿಂಗಳು. ರಿಪೇರಿಯ ಮೂರು ತಿಂಗಳು ಸೇರಿ, ಸ್ವಲ್ಪ ಸಡಿಲ ಬಿಟ್ಟು, ಎಂಟು ತಿಂಗಳು. ಪಂಚಾಂಗವನ್ನೂ ನೋಡಿಕೊಳ್ಳಿ. ಆಷಾಢದಲ್ಲಿ ಮತ್ತು ಪಿತೃಪಕ್ಷದಲ್ಲಿ ಅಡ್ವಾನ್ಸ್ ಕೊಡಲು ಅನೇಕರು ಮುಂದೆ ಬರುವುದಿಲ್ಲ. ಮನೆ ಆಷಾಢದ ಮೊದಲ ವಾರ ಸಿದ್ಧವಾದರೆ ಒಂದು ತಿಂಗಳು ಸುಮ್ಮನೆ ಹೋಗುತ್ತದೆ. ಶ್ರಾವಣದ ಹೊತ್ತಿಗೆ ಸಿದ್ಧವಾಗುವಂತೆ ಹಿಂದಿನಿಂದ ಎಣಿಸಿ. ಯುಗಾದಿ, ದಸರಾ, ದೀಪಾವಳಿಗೆ ಕೆಲಸದವರು ಊರಿಗೆ ಹೋಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಈ ಮನೆಯಲ್ಲಿ ಪ್ರತಿ ತಿಂಗಳ ವಿಳಂಬಕ್ಕೆ 42,500 ರೂಪಾಯಿ ಹೋಗುತ್ತದೆ: ಬಡ್ಡಿ 37,500, ಮಿಕ್ಕದ್ದು ಮೇಂಟೆನೆನ್ಸ್ ಇತ್ಯಾದಿ. ಬಾತ್‌ರೂಮ್ ಮತ್ತೆ ಒಡೆಯಬೇಕಾಗಿ ಒಂದೂವರೆ ಲಕ್ಷವೂ ಎರಡು ತಿಂಗಳೂ ಹೋದರೆ ಒಟ್ಟು 2.35 ಲಕ್ಷ. ತೆರಿಗೆಗೆ ಮುಂಚಿನ ಲಾಭದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು.

ಮೇಸ್ತ್ರಿಗೆ ಹಣ ಹೇಗೆ ಕೊಡಬೇಕು?

ವಾರಕ್ಕೆ ಇಷ್ಟು ಎಂದು ಬೇಡ, ಮುಗಿದ ಹಂತಕ್ಕೆ ಇಷ್ಟು ಎಂದು ಮಾಡಿ. ಅಡ್ವಾನ್ಸ್ 10%, ಒಡೆದು ಕಸ ಸಾಗಿದ ಮೇಲೆ ಒಂದು ಕಂತು, ನೀರು ನಿಲ್ಲಿಸಿದ ಪರೀಕ್ಷೆ ಮತ್ತು ಪೈಪಿನ ಒತ್ತಡ ಪರೀಕ್ಷೆ ಎರಡೂ ಪಾಸಾದ ಮೇಲೆ ದೊಡ್ಡ ಕಂತು, ಟೈಲ್ಸ್ ಆದ ಮೇಲೆ ಮತ್ತೊಂದು. ಕೊನೆಯ 10% ಕೆಲಸ ಮುಗಿದು ಒಂದು ತಿಂಗಳು ಕಳೆದ ಮೇಲೆ. ದರವನ್ನು ಚದರ ಅಡಿ ಲೆಕ್ಕದಲ್ಲಿ ಬರೆಸಿಕೊಳ್ಳಿ, ಕಸ ಕೆಳಗಿಳಿಸಿ ಸಾಗಿಸುವುದು ಯಾರ ಪಾಲು ಎಂಬುದನ್ನೂ ಸೇರಿಸಿ. ಅಸೋಸಿಯೇಷನ್ ಒಪ್ಪಿಗೆ ಪತ್ರ, ಕೆಲಸದ ಸಮಯ, ಲಿಫ್ಟಿನಲ್ಲಿ ಮೂಟೆ ಸಾಗಿಸಬಹುದೇ ಎಂಬುದು ಮೊದಲ ದಿನವೇ ತೀರ್ಮಾನವಾಗಲಿ.

ಲಾಭಕ್ಕೆ ತೆರಿಗೆ ಯಾವ ರೀತಿ ಬೀಳುತ್ತದೆ?

24 ತಿಂಗಳೊಳಗೆ ಮಾರಿದರೆ ಅಲ್ಪಾವಧಿ ಲಾಭ, ನಿಮ್ಮ ಸ್ಲ್ಯಾಬ್ ದರ. ಬೇರೆ ಮನೆ ಕೊಂಡು ತಪ್ಪಿಸಿಕೊಳ್ಳುವ ವಿನಾಯಿತಿ ಇದಕ್ಕಿಲ್ಲ. ರಿಪೇರಿ ಮಾಡಿ ಮಾರಲೆಂದೇ ಕೊಂಡಿದ್ದರೆ ಅದು ವ್ಯಾಪಾರದ ಆದಾಯ ಎನಿಸಬಹುದು. ಆಗ ಬಡ್ಡಿ, ಮೇಂಟೆನೆನ್ಸ್ ಕೂಡ ಖರ್ಚಾಗಿ ಕಳೆಯುತ್ತದೆ. ಮೇಲಿನ 31.2% ಲೆಕ್ಕ ಹಾಗೆ ಕಳೆದ ಮೇಲಿನದು. ಬಂಡವಾಳ ಲಾಭವೆಂದು ತೋರಿಸಿದರೆ ಮೇಂಟೆನೆನ್ಸ್ ಕಳೆಯುವುದಿಲ್ಲ, ಬಡ್ಡಿಯ ವಿಷಯದಲ್ಲೂ ತಕರಾರು ಬರಬಹುದು. ಹಾಗಾಗಿ ಆಡಿಟರ್ ಹತ್ತಿರ ಕೊಳ್ಳುವ ಮುಂಚೆಯೇ ಕೂತು ಮಾತಾಡಿ. ರಿಪೇರಿಯ ಪ್ರತಿಯೊಂದು ಬಿಲ್ಲೂ ನಿಮ್ಮ ಹೆಸರಿನಲ್ಲಿರಲಿ, ಹಣ ಬ್ಯಾಂಕಿನ ಮೂಲಕ ಹೋಗಲಿ. ಕಚ್ಚಾ ಚೀಟಿಯಲ್ಲಿ ಕೊಟ್ಟ ಒಂದು ಲಕ್ಷಕ್ಕೆ ನೀವು 31,200 ತೆರಿಗೆಯನ್ನೂ ಕಟ್ಟಿದಂತೆ. ಬೆಲೆ 50 ಲಕ್ಷ ಅಥವಾ ಅದಕ್ಕೂ ಹೆಚ್ಚಾದ್ದರಿಂದ ಕೊಳ್ಳುವವರು 1% ಟಿಡಿಎಸ್ ಹಿಡಿದು ಕೊಡುತ್ತಾರೆ, ನೀವು ಕೊಳ್ಳುವಾಗ ಹಳೇ ಮಾಲೀಕರಿಗೂ ಹಾಗೇ ಹಿಡಿಯಬೇಕು.

ಆರು ವಾರವಾದರೂ ಯಾರೂ ಬೆಲೆಗೆ ಬರುತ್ತಿಲ್ಲ. ಬಾಡಿಗೆಗೆ ಕೊಟ್ಟು ಕಾಯಬಹುದೇ?

ಬಾಡಿಗೆ ತಿಂಗಳಿಗೆ 28,000 ಬಂದರೂ ಬಡ್ಡಿಯೇ 37,500. ಜೊತೆಗೆ ಹನ್ನೊಂದು ತಿಂಗಳ ಕರಾರಿನಲ್ಲಿ ಕೈ ಕಟ್ಟಿಹೋಗುತ್ತದೆ, ಖಾಲಿಯಾದಾಗ ಮತ್ತೆ ಬಣ್ಣ ಹೊಡೆಸಬೇಕು. ಅದಕ್ಕಿಂತ ಬೆಲೆಯನ್ನು ತಿಂಗಳ ಖರ್ಚಿನ ಜೊತೆ ಹೋಲಿಸಿ ತೀರ್ಮಾನಿಸಿ. ಈಗ 1 ಕೋಟಿ 1 ಲಕ್ಷ ಕೊಡುತ್ತೇನೆ ಎನ್ನುವವರು ಇದ್ದರೆ, ಮೂರು ತಿಂಗಳು ಕಾದು 1.02 ಕೋಟಿ ಪಡೆಯುವುದಕ್ಕಿಂತ ಅದರಲ್ಲೇ ಹೆಚ್ಚು ಲಾಭ. ಮೂರು ತಿಂಗಳಿಗೆ 1,27,500 ಖರ್ಚಾಗಿ ಹೋಗಿರುತ್ತದೆ. 98 ಲಕ್ಷಕ್ಕೆ ಕೇಳುತ್ತಿದ್ದರೆ ನಿಮಗೆ ತೆರಿಗೆಗೆ ಮುಂಚೆ 3.38 ಲಕ್ಷ ಉಳಿಯುತ್ತದೆ. ಆಗ ಇನ್ನೊಂದೆರಡು ತಿಂಗಳು ಕಾಯುವುದರಲ್ಲಿ ಅರ್ಥವಿದೆ, ಆದರೆ ಆ ಅವಧಿಯಲ್ಲಿ ಕನಿಷ್ಠ 99 ಲಕ್ಷ ಬರುತ್ತದೆ ಎಂಬುದಕ್ಕೆ ಅದೇ ಬೀದಿಯ ಇತ್ತೀಚಿನ ಕ್ರಯವೊಂದು ಆಧಾರವಾಗಿರಬೇಕು. 96ಕ್ಕಿಂತ ಮೇಲೆ ಯಾರೂ ಕೇಳುತ್ತಲೇ ಇಲ್ಲ ಎಂದರೆ ನೀವು ಹಿಡಿದ ಮಾರುವ ಬೆಲೆಯೇ ತಪ್ಪಾಗಿತ್ತು. ಆಗ ಸಿಕ್ಕ ಬೆಲೆಗೆ ಕೊಟ್ಟು ಸಾಲ ತೀರಿಸಿ.